ಅಂಗಡಿಯ ಬಾಕಿ, ಗಿರಾಕಿಯ ಕಥೆ

2015ರ ಜುಲೈ 15ರಂದು ಅಮೆಜಾನ್ ತನ್ನ ಇಪ್ಪತ್ತನೇ ವಾರ್ಷಿಕೋತ್ಸವಕ್ಕೆಂದು ಒಂದು ದಿನದ ಭಾರಿ ರಿಯಾಯಿತಿ ಮಾರಾಟ ಇಟ್ಟುಕೊಂಡಿತು. ಅದರ ಹೆಸರು ಪ್ರೈಮ್ ಡೇ. ಮಾಲೇನೋ ಭರ್ಜರಿಯಾಗಿಯೇ ಹೋಯಿತು. ಆದರೆ ಒಳ್ಳೆಯ ಸಾಮಾನು ಕಣ್ಣು ಮಿಟುಕಿಸುವುದರೊಳಗೆ ಖಾಲಿಯಾಗಿ, ಉಳಿದದ್ದು ಮನೆಯಲ್ಲಿ ಬೇಡವಾದದ್ದನ್ನು ತಂದು ಬೀದಿಗೆ ಹರವಿದ ಹಾಗಿದೆ ಎಂದು ಜನ ಟ್ವಿಟರ್‌ನಲ್ಲಿ ಗೇಲಿ ಮಾಡಿದರು. ಅದಿರಲಿ, ಪ್ರೈಮ್ ಡೇ ಆಮೇಲೆ ವರ್ಷ ವರ್ಷವೂ ಬಂತು, ಭಾರತಕ್ಕೂ ಬಂತು. ಅದು ಹುಟ್ಟಿದ್ದು ಒಂದು ವಾರ್ಷಿಕೋತ್ಸವಕ್ಕೆ ಎಂಬುದು ಇವತ್ತು ಎಷ್ಟು ಜನಕ್ಕೆ ಗೊತ್ತು? ರಿಯಾಯಿತಿ ಉಳಿಯಿತು, ಹುಟ್ಟುಹಬ್ಬ ಮರೆತುಹೋಯಿತು.

ಅದಕ್ಕೆ ಒಂದೂವರೆ ವರ್ಷ ಮೊದಲು, 2014ರ ಫೆಬ್ರವರಿ 4ರಂದು, ಫೇಸ್‌ಬುಕ್‌ಗೆ ಹತ್ತು ವರ್ಷ ತುಂಬಿತು. ಅದರ ಬಳಿ ರಿಯಾಯಿತಿ ಕೊಡಲು ಏನೂ ಇರಲಿಲ್ಲ, ಬಳಕೆ ಹೇಗೂ ಪುಕ್ಕಟೆ. ಹಾಗಾಗಿ ಅದು ಒಬ್ಬೊಬ್ಬ ಬಳಕೆದಾರನಿಗೂ ಸುಮಾರು ಒಂದು ನಿಮಿಷದ ವಿಡಿಯೊ ಮಾಡಿಕೊಟ್ಟಿತು. ನೀವು ಸೇರಿದ ದಿನ, ಮೊದಲು ಹಾಕಿದ ಫೋಟೊ, ಹೆಚ್ಚು ಜನ ಮೆಚ್ಚಿದ ನಿಮ್ಮ ಮಾತು, ಹಿನ್ನೆಲೆಯಲ್ಲಿ ಸಂಗೀತ. ಕಂಪನಿಯ ಸ್ಥಾಪಕ ಹಾಸ್ಟೆಲಿನಲ್ಲಿ ಕೂತು ಹೇಗೆ ಕಷ್ಟಪಟ್ಟ ಎಂಬ ಮಾತು ಅದರಲ್ಲಿ ಇರಲಿಲ್ಲ. ಹುಟ್ಟುಹಬ್ಬ ಕಂಪನಿಯದು, ಕಥೆ ಮಾತ್ರ ಬಳಕೆದಾರನದು. ಕೋಟಿಗಟ್ಟಲೆ ಜನ ನೋಡಿದರು, ಬೇರೆಯವರಿಗೂ ತೋರಿಸಿದರು.

ಈಗ ಹತ್ತು ವರ್ಷ ತುಂಬುತ್ತಿರುವ ನಮ್ಮ ಊರಿನ ಅಂಗಡಿಗಳ ವಿಷಯಕ್ಕೆ ಬರೋಣ. ಆ ವಿಡಿಯೊ ಮಾಡುವ ಯಂತ್ರ, ಹಣ ಅವುಗಳ ಬಳಿ ಇಲ್ಲ. ಆದರೆ ಅದರ ಹಿಂದಿನ ಉಪಾಯಕ್ಕೆ ಯಂತ್ರ ಬೇಕಿಲ್ಲ. ಉದಾಹರಣೆಗೆ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ತುಮಕೂರಿನ ಕಡೆಯ ಊರು, ಮರದ ಗಾಣದ ಎಣ್ಣೆ ಅಂಗಡಿ. ಕೊಬ್ಬರಿ ತಿಪಟೂರಿನಿಂದ ಬರುತ್ತದೆ, ಕಡಲೆಬೀಜ ಚಳ್ಳಕೆರೆ ಕಡೆಯಿಂದ. 2016ರ ಯುಗಾದಿ ದಿನ, ಅಂದರೆ ಏಪ್ರಿಲ್ 8ಕ್ಕೆ, ಬಾಗಿಲು ತೆರೆದದ್ದು. ಗಂಡ ಗಾಣದ ಹತ್ತಿರ, ಹೆಂಡತಿ ಗಲ್ಲಾದಲ್ಲಿ, ಒಬ್ಬ ಹುಡುಗ ಸಹಾಯಕ್ಕೆ. ಖಾಯಂ ಗಿರಾಕಿಗಳು ಆರುನೂರು ಮನೆ, ತಿಂಗಳ ವ್ಯಾಪಾರ ನಾಲ್ಕು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ.

ಹತ್ತನೇ ವರ್ಷಕ್ಕೆ ಏನು ಮಾಡೋಣ ಎಂದು ಕೂತರೆ ಮೊದಲು ಹೊಳೆಯುವುದು ‘ತಿಂಗಳಿಡೀ ಹತ್ತು ಪರ್ಸೆಂಟ್ ಡಿಸ್ಕೌಂಟ್’ ಎಂಬ ಫ್ಲೆಕ್ಸು. ಹತ್ತು ವರ್ಷಕ್ಕೆ ಹತ್ತು ಪರ್ಸೆಂಟ್, ಕೇಳಲೂ ಚೆನ್ನ. ಲೆಕ್ಕ ಮಾತ್ರ ಅಷ್ಟು ಚೆನ್ನಾಗಿಲ್ಲ. ನೂರು ರೂಪಾಯಿಯ ಎಣ್ಣೆಯಲ್ಲಿ ಬೀಜ, ಕರೆಂಟು, ಬಾಟಲಿ ಎಲ್ಲ ಸೇರಿ ಎಂಬತ್ತು ಖರ್ಚಾಗಿ ಇಪ್ಪತ್ತು ಉಳಿಯುತ್ತದೆ ಎನ್ನಿ. ಹತ್ತು ಬಿಟ್ಟುಕೊಟ್ಟರೆ ಉಳಿಯುವುದು ಹತ್ತೇ. ಕೊಳ್ಳುವವರಿಗೆ ಸಿಕ್ಕಿದ್ದು ಹತ್ತು ಪರ್ಸೆಂಟ್, ಮಾರುವವರು ಕಳೆದುಕೊಂಡದ್ದು ಲಾಭದ ಅರ್ಧ. ತಿಂಗಳಿಗೆ ಎಂಬತ್ತು ಸಾವಿರ ಉಳಿಯುತ್ತಿದ್ದ ಕಡೆ ನಲವತ್ತು ಸಾವಿರ ಉಳಿಯುತ್ತದೆ. ಮೊದಲಿನಷ್ಟೇ ಉಳಿಯಬೇಕಾದರೆ ಎರಡರಷ್ಟು ಎಣ್ಣೆ ಹೋಗಬೇಕು.

ಎರಡರಷ್ಟು ಹೋಗಲೂಬಹುದು. ಆದರೆ ರಿಯಾಯಿತಿ ಇದೆಯೆಂದು ಯಾರೂ ಒಗ್ಗರಣೆಗೆ ಎರಡು ಸೌಟು ಎಣ್ಣೆ ಹಾಕುವುದಿಲ್ಲ. ತಿಂಗಳಿಗೆ ಮೂರು ಲೀಟರ್ ಒಯ್ಯುವ ಮನೆ ಆರು ಒಯ್ದು ಮೇಲಿನ ಕಪಾಟಿನಲ್ಲಿ ಇಡುತ್ತದೆ, ಮುಂದಿನ ತಿಂಗಳು ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಏಪ್ರಿಲ್ಲಿನ ಗಲ್ಲಾ ನೋಡಿ ಹಿಗ್ಗಿದವರು ಮೇ ತಿಂಗಳ ಗಲ್ಲಾ ನೋಡಿ ಬಿಸಿಲಿನ ಮೇಲೆ ತಪ್ಪು ಹೊರಿಸುತ್ತಾರೆ. ಆ ಮಾರಾಟ ಹೊಸದಾಗಿ ಬಂದದ್ದಲ್ಲ, ಮುಂದಿನ ತಿಂಗಳಿಂದ ಕೈಗಡ ತಂದದ್ದು. ಇನ್ನೊಂದು ತೊಂದರೆ ನಿಧಾನಕ್ಕೆ ಕಾಣಿಸುತ್ತದೆ. ರಿಯಾಯಿತಿ ಮುಗಿದ ಮೇಲೆ ಬಂದವರು ‘ಹೋದ ತಿಂಗಳು ಕಮ್ಮಿಗೆ ಕೊಟ್ಟಿರಲ್ಲ’ ಎನ್ನುತ್ತಾರೆ. ಹಳೆಯ ಬೆಲೆಯೇ ಈಗ ಅವರಿಗೆ ಏರಿದ ಬೆಲೆ.

ಹಾಗೆಂದು ರಿಯಾಯಿತಿಯೇ ಕೂಡದು ಎಂದಲ್ಲ. ಸೀಸನ್ ಮುಗಿದು ಉಳಿದ ಸ್ವೆಟರ್, ಹೊಸ ಮಾದರಿ ಬಂದಮೇಲೆ ಉಳಿದ ಹಳೆಯ ಮಿಕ್ಸಿ, ಇವನ್ನು ಕಳೆಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹತ್ತು ವರ್ಷ ಪೂರ್ತಿ ಬೆಲೆ ಕೊಟ್ಟು ಬಂದವರಿಗೆ ಕೃತಜ್ಞತೆ ಹೇಳುವುದಕ್ಕೆ ಅದೊಂದೇ ಸಾಲದು. ನಿನ್ನೆ ಮೊದಲ ಸಲ ಒಳಗೆ ಬಂದವನಿಗೂ ಅದೇ ಹತ್ತು ಪರ್ಸೆಂಟ್ ಸಿಗುತ್ತದಲ್ಲ.

ಸರಿ, ಕಥೆ ಹೇಳೋಣ ಎಂದು ತೀರ್ಮಾನವಾಯಿತು ಎನ್ನಿ. ಡಿಟಿಪಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಥೆ ಹೀಗಿರುತ್ತದೆ: ‘ಪುಟ್ಟ ಕನಸಿನೊಂದಿಗೆ ಆರಂಭವಾದ ನಮ್ಮ ಪಯಣ ಇಂದು ಹೆಮ್ಮರವಾಗಿ ಬೆಳೆದಿದೆ. ಗುಣಮಟ್ಟವೇ ನಮ್ಮ ಮಂತ್ರ, ಗ್ರಾಹಕರೇ ನಮ್ಮ ದೇವರು.’ ಪಕ್ಕದಲ್ಲಿ ಮಾಲೀಕರು ಕೈ ಮುಗಿದ ಫೋಟೊ, ಮೇಲುಗಡೆ ಶಾಸಕರು. ಇದರಲ್ಲಿ ಅಂಗಡಿಯ ಹೆಸರು ಅಳಿಸಿ ಸಿಮೆಂಟ್ ಡೀಲರ್ ಹೆಸರನ್ನೋ ಟ್ಯೂಷನ್ ಸೆಂಟರ್ ಹೆಸರನ್ನೋ ಹಾಕಿ ನೋಡಿ. ಒಂದು ಅಕ್ಷರ ಬದಲಿಸಬೇಕಿಲ್ಲ. ಕಥೆ ಗಟ್ಟಿಯೋ ಪೊಳ್ಳೋ ತಿಳಿಯಲು ಈ ಪರೀಕ್ಷೆ ಸಾಕು.

ನಿಜವಾದ ಕಥೆ ಕಂಪ್ಯೂಟರಿನ ಮುಂದೆ ಕೂತರೆ ಸಿಗುವುದಿಲ್ಲ. ಅದು ಇರುವುದು ಹಳೆಯ ಬಿಲ್ ಬುಕ್ಕುಗಳಲ್ಲಿ, ಉದ್ರಿ ಪುಸ್ತಕದಲ್ಲಿ, ಹಳೇ ಗಿರಾಕಿಗಳ ನೆನಪಿನಲ್ಲಿ. ಅಂಗಡಿಯವರು ಮೊದಲ ವರ್ಷದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಮಾರಾಟ ಇದ್ದಕ್ಕಿದ್ದಂತೆ ಬಿದ್ದ ಇಲ್ಲವೇ ಎದ್ದ ತಿಂಗಳುಗಳನ್ನು ಗುರುತು ಹಾಕಿಕೊಳ್ಳಬೇಕು. 2016ರಲ್ಲಿ ಶುರುವಾದ ಯಾವ ಅಂಗಡಿಯಲ್ಲಾದರೂ ಮೂರು ಕಡೆ ಗುರುತು ಬೀಳುವ ಸಂಭವ ಹೆಚ್ಚು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದದ್ದು, 2017ರ ಜುಲೈನಲ್ಲಿ ಜಿಎಸ್‌ಟಿ ಬಂದದ್ದು, 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದದ್ದು. ಇವು ಊರಿಗೆಲ್ಲ ಆದ ಘಟನೆಗಳು. ಆದ್ದರಿಂದಲೇ ಅಂಗಡಿಯ ನೆನಪಿಗೂ ಗಿರಾಕಿಯ ನೆನಪಿಗೂ ಅಲ್ಲಿ ಗಂಟು ಬೀಳುತ್ತದೆ.

ಆಮೇಲೆ ಹಳೆಯ ಗಿರಾಕಿಗಳಲ್ಲಿ ಹತ್ತು ಹನ್ನೆರಡು ಮಂದಿಯನ್ನು ಕೇಳಬೇಕು. ಕೇಳುವ ಪ್ರಶ್ನೆಯಲ್ಲಿ ಎಲ್ಲ ಇದೆ. ‘ನಮ್ಮ ಎಣ್ಣೆ ಹೇಗಿದೆಯಮ್ಮಾ?’ ಎಂದರೆ ‘ಚೆನ್ನಾಗಿದೆ ಕಣಪ್ಪಾ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ‘ಮೊದಲನೇ ಸಲ ಯಾಕೆ ಬಂದ್ರಿ ಅಂತ ನೆನಪಿದೆಯಾ ಅಮ್ಮಾ? ಇನ್ನು ಇಲ್ಲಿಗೆ ಬರೋದು ಬೇಡ ಅಂತ ಯಾವಾಗಾದ್ರೂ ಅನ್ನಿಸಿತ್ತಾ?’ ಎಂದು ಕೇಳಿದರೆ ಮಾತು ಬೇರೆ ಕಡೆಗೆ ತಿರುಗುತ್ತದೆ. ‘ಒಂದ್ಸಲ ಎಣ್ಣೆ ಕಾಯಿಸಿದ್ರೆ ಬರೀ ನೊರೆ ಬಂತು, ತಳದಲ್ಲಿ ಗಷ್ಟು. ನಮ್ಮತ್ತೆ ಬೈದ್ರು. ನಿನ್ನ ಹೆಂಡ್ತಿ ಬಾಟ್ಲಿ ವಾಪಸ್ ತಗೊಂಡ್ಲು, ಅದಕ್ಕೇ ಮತ್ತೆ ಬಂದೆ’ ಎಂದು ಒಬ್ಬರು ಹೇಳಬಹುದು. ಹಿಂಡಿದ ಎಣ್ಣೆಯನ್ನು ಕೆಲವು ದಿನ ತಿಳಿಯಾಗಲು ಬಿಡದೆ ತುಂಬಿದರೆ ಹಾಗಾಗುತ್ತದೆ ಎಂಬುದು ಗಾಣದವರಿಗೆಲ್ಲ ಗೊತ್ತು. ಆದರೆ ಆ ದಿನ ಒಂದು ಮನೆಯಲ್ಲಿ ಅತ್ತೆಯ ಕೈಲಿ ಬೈಗುಳ ಬಿತ್ತು ಎಂಬುದು ಈಗಲೇ ತಿಳಿದದ್ದು. ಇಂಥದ್ದು ಸಿಕ್ಕಾಗ ಬರೆದಿಟ್ಟುಕೊಳ್ಳಬೇಕು, ಅವರು ಆಡಿದ ಮಾತಿನಲ್ಲೇ.

ನಮ್ಮ ಅಂಗಡಿಗೆ ಸಿಕ್ಕ ಕಥೆ ಉದ್ರಿ ಪುಸ್ತಕದ್ದು ಎನ್ನೋಣ. ನೋಟು ರದ್ದಾದ ವಾರ ಯಾರ ಕೈಯಲ್ಲೂ ಚಿಲ್ಲರೆ ಇಲ್ಲ. ಅಂಗಡಿ ತೆರೆದು ಏಳೇ ತಿಂಗಳು, ಬಂದವರಲ್ಲಿ ಅರ್ಧ ಜನರ ಪರಿಚಯವೂ ಸರಿಯಾಗಿಲ್ಲ. ಆದರೂ ಗಲ್ಲಾದಲ್ಲಿದ್ದ ಆಕೆ ಹೆಸರು ಬರೆದುಕೊಂಡು ಎಣ್ಣೆ ಕೊಟ್ಟಳು. ಪುಸ್ತಕದಲ್ಲಿ ಮೂವತ್ತೆಂಟು ಮನೆಯ ಹೆಸರಿದೆ. ಸಂಕ್ರಾಂತಿಯ ಹೊತ್ತಿಗೆ ಮೂವತ್ತೈದು ಹೆಸರಿನ ಮೇಲೆ ಗೀಟು ಬಿದ್ದಿದೆ.

ಇದನ್ನು ಮೊದಲ ಸಲ ಬರೆಯುವಾಗ ಮಾಲೀಕರ ಕೈ ತಾನಾಗಿ ಹೀಗೆ ಹೋಗುತ್ತದೆ: ‘ಆ ಕಷ್ಟಕಾಲದಲ್ಲಿ ನಾವು ನಮ್ಮ ಗ್ರಾಹಕರ ಕೈಬಿಡಲಿಲ್ಲ. ಪರಿಚಯವಿಲ್ಲದವರಿಗೂ ನಂಬಿ ಸಾಲ ಕೊಟ್ಟೆವು.’ ನಡೆದದ್ದು ನಿಜ, ಸುಳ್ಳೇನಿಲ್ಲ. ಆದರೆ ಇದು ಕೃತಜ್ಞತೆಯಲ್ಲ, ಮಾಡಿದ ಉಪಕಾರವನ್ನು ಹತ್ತು ವರ್ಷದ ಮೇಲೆ ನೆನಪಿಸಿ ಎತ್ತಿ ಆಡಿದ್ದು. ಆ ಮೂವತ್ತೆಂಟರಲ್ಲಿ ಒಬ್ಬರು ಓದಿದರೆ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ಅದೇ ಪುಟವನ್ನು ಇನ್ನೊಂದು ಕಡೆಯಿಂದ ಓದಬೇಕು. ಕೊಟ್ಟದ್ದು ಅಂಗಡಿ, ಸರಿ. ವಾಪಸ್ ಬಂದವರು ಯಾರು? ಕಾಗದವಿಲ್ಲ, ಸಾಕ್ಷಿಯಿಲ್ಲ, ಬೇರೆ ಅಂಗಡಿಗೆ ಹೋಗಿದ್ದರೆ ಕೇಳುವವರೂ ಇರಲಿಲ್ಲ. ಆಗ ಕಥೆ ಹೀಗೆ ತಿರುಗುತ್ತದೆ:

‘2016ರ ನವೆಂಬರ್. ನಮ್ಮ ಅಂಗಡಿಗೆ ಏಳು ತಿಂಗಳು. ತಿಪಟೂರಿನವರಿಗೆ ಕೊಬ್ಬರಿಯ ದುಡ್ಡು ಕೊಡಬೇಕಿತ್ತು, ಗಲ್ಲಾದಲ್ಲಿ ದುಡ್ಡಿರಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರು ಬರೆದುಕೊಂಡು ಎಣ್ಣೆ ಕೊಟ್ಟೆವು. ಬರೆದುಕೊಂಡೆವೇ ಹೊರತು ವಾಪಸ್ ಬರುತ್ತದೆಂಬ ಧೈರ್ಯ ಇರಲಿಲ್ಲ, ರಾತ್ರಿ ನಿದ್ದೆಯೂ ಇರಲಿಲ್ಲ. ನೀವು ಬಂದಿರಿ. ಒಬ್ಬರು ಬ್ಯಾಂಕಿನ ಸಾಲಿನಲ್ಲಿ ಅರ್ಧ ದಿನ ನಿಂತು, ಸಿಕ್ಕ ಎರಡು ಸಾವಿರದ ನೋಟು ಹಿಡಿದು ನೇರ ಇಲ್ಲಿಗೇ ಬಂದಿರಿ. ನಮ್ಮಲ್ಲಿ ಚಿಲ್ಲರೆ ಇರಲಿಲ್ಲ, ಉಳಿದದ್ದಕ್ಕೆ ಎಣ್ಣೆ ಕೊಡಿ ಅಂದಿರಿ. ಇನ್ನೊಬ್ಬರು ಮಗುವಿನ ಹುಂಡಿಯ ನಾಣ್ಯ ಎಣಿಸಿ ಕೊಟ್ಟಿರಿ. ಕೊಬ್ಬರಿಯವರಿಗೆ ಜನವರಿಯಲ್ಲಿ ದುಡ್ಡು ಮುಟ್ಟಿತು, ಗಾಣ ನಿಲ್ಲಲಿಲ್ಲ. ಆ ನೋಟ್‌ಬುಕ್ ಇನ್ನೂ ನಮ್ಮಲ್ಲಿದೆ.’

ಅರ್ಧ ಪುಟವಷ್ಟೇ. ಇಡೀ ಹತ್ತು ವರ್ಷ ಇದರಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಎರಡನೇ ಗಾಣ ಹಾಕಿಸಿದ್ದು, ಪ್ರಶಸ್ತಿ ಬಂದದ್ದು, ಮಗಳು ಇಂಜಿನಿಯರಾದದ್ದು ಎಲ್ಲವನ್ನೂ ಸೇರಿಸುವ ಆಸೆ ಖಂಡಿತ ಹುಟ್ಟುತ್ತದೆ. ಒಂದೊಂದು ಸೇರಿದಂತೆಯೂ ಗಿರಾಕಿ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾನೆ.

ಇಲ್ಲಿ ಜಾಗರೂಕತೆ ಬೇಕಾದದ್ದು ಮೂರು ಬಾಕಿ ಹೆಸರುಗಳ ವಿಷಯದಲ್ಲಿ. ‘ಎಲ್ಲರೂ ತೀರಿಸಿದಿರಿ’ ಎಂದು ಬರೆದರೆ ಸುಳ್ಳಾಗುತ್ತದೆ, ಆ ಮೂರು ಮನೆಯವರಿಗೆ ಅದು ಕುಟುಕಿದ ಹಾಗೂ ಆಗುತ್ತದೆ. ‘ಮೂವರು ಬಿಟ್ಟು’ ಎಂದರೆ ಊರೆಲ್ಲ ಆ ಮೂವರು ಯಾರೆಂದು ಹುಡುಕಲು ಹೊರಡುತ್ತದೆ. ಅದಕ್ಕೇ ಕಥೆಯಲ್ಲಿ ಲೆಕ್ಕವೇ ಇಲ್ಲ, ‘ನೀವು ಬಂದಿರಿ’ ಎಂದಷ್ಟೇ ಇದೆ. ಹೆಸರನ್ನಂತೂ ಹಾಕಲೇಬಾರದು. ಸಾಲ ಮಾಡಿದ್ದು ತೀರಿಸಿದ ಮೇಲೂ ಜನಕ್ಕೆ ಖಾಸಗಿ ವಿಷಯವೇ. ಹುಂಡಿಯ ನಾಣ್ಯ ತಂದವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಆ ಸಾಲು ಉಳಿಯಬೇಕು. ಹೆಸರಿಲ್ಲದಿದ್ದರೂ ಅಕ್ಕಪಕ್ಕದವರಿಗೆ ಗುರುತು ಸಿಗುತ್ತದೆ. ನೋಟ್‌ಬುಕ್ಕಿನ ಪುಟದ ಫೋಟೊ ತೆಗೆದು ವಾಟ್ಸಾಪಿಗೆ ಹಾಕೋಣ ಎಂದು ಯಾರಾದರೂ ಉತ್ಸಾಹ ತೋರಿದರೆ ಅಲ್ಲೇ ತಡೆಯಬೇಕು. ಮುಚ್ಚಿದ ಪುಸ್ತಕದ ರಟ್ಟಿನ ಫೋಟೊ ಧಾರಾಳ ಸಾಕು.

ಇನ್ನೊಂದು ಅಪಾಯವನ್ನು ಫೇಸ್‌ಬುಕ್ಕೇ ತೋರಿಸಿಕೊಟ್ಟಿದೆ. ಹತ್ತನೇ ವರ್ಷದ ಆ ವಿಡಿಯೊ ಬಂದ ಮರುದಿನವೇ ಅಮೆರಿಕದ ಮಿಸೌರಿಯ ಒಬ್ಬ ತಂದೆ, ತೀರಿಕೊಂಡ ತನ್ನ ಮಗನ ವಿಡಿಯೊ ನೋಡಬೇಕು, ಖಾತೆ ತೆರೆಯಲು ನನ್ನಿಂದ ಆಗುತ್ತಿಲ್ಲ ಎಂದು ಕಣ್ಣೀರಿಟ್ಟು ಕೇಳಿಕೊಂಡರು. ಕಂಪನಿ ಮಾಡಿಕೊಟ್ಟಿತು, ಅದೇ ತಿಂಗಳು ಮಡಿದವರ ಕುಟುಂಬಗಳೆಲ್ಲ ಕೇಳಿ ಪಡೆಯುವ ವ್ಯವಸ್ಥೆಯನ್ನೂ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಾತ್ರ ಅದೇ ಉಪಾಯ ತಿರುಗಿ ಹೊಡೆಯಿತು. ‘ನಿಮ್ಮ ಈ ವರ್ಷ’ ಎಂಬ ಇನ್ನೊಂದು ನೆನಪಿನ ಕಂತು ಬಂದಾಗ, ಆ ವರ್ಷವೇ ಮಗಳನ್ನು ಕಳೆದುಕೊಂಡಿದ್ದ ಒಬ್ಬ ತಂದೆಯ ಪರದೆಯ ಮೇಲೆ, ಕುಣಿಯುವ ಚಿತ್ರಗಳ ನಡುವೆ ಆ ಮಗುವಿನ ಮುಖ ಮೂಡಿತು. ಅವರು ಕೇಳಿರಲಿಲ್ಲ, ಯಂತ್ರ ತಾನಾಗಿ ತೋರಿಸಿತು. ಕಂಪನಿಯವರು ಕ್ಷಮೆ ಕೇಳಿದರು.

ಆರುನೂರು ಮನೆಯ ಪಟ್ಟಿಯಲ್ಲೂ ಇದು ಆಗುತ್ತದೆ. ಹತ್ತು ವರ್ಷದಲ್ಲಿ ಕೆಲವರು ತೀರಿಕೊಂಡಿರುತ್ತಾರೆ, ಕೆಲವರ ಸಂಸಾರ ಒಡೆದಿರುತ್ತದೆ. ಬಿಲ್ಲಿನಲ್ಲಿರುವ ಯಜಮಾನರ ಹೆಸರಿಗೇ ‘ನಿಮ್ಮ ಹತ್ತು ವರ್ಷದ ಸಂತೋಷದಲ್ಲಿ ನಾವೂ ಪಾಲುದಾರರು’ ಎಂಬ ಕಾರ್ಡು ಹೋದರೆ, ಅದನ್ನು ತೆರೆಯುವುದು ಮನೆಯಲ್ಲಿ ಉಳಿದವರು. ಹೀಗಾಗಿ ಅಚ್ಚಿಗೆ ಮೊದಲು ಪಟ್ಟಿಯನ್ನು ಕೂತು ಓದಬೇಕು. ಕಂಪ್ಯೂಟರ್ ಬೇಡ, ಗಲ್ಲಾದಲ್ಲಿರುವ ಆಕೆ ಓದಿದರೆ ಸಾಕು. ಯಾರ ಮನೆಯಲ್ಲಿ ಏನಾಗಿದೆ ಎಂಬುದು ಅವಳಿಗೆ ಗೊತ್ತಿರುತ್ತದೆ. ಅಂಥ ಮನೆಗಳಿಗೆ ಕಾರ್ಡಿನ ಬದಲು ಅವಳೇ ಒಂದು ಮಾತು ಆಡಿ ಬರಲಿ, ಇಲ್ಲವೇ ಸುಮ್ಮನಿರಲಿ.

ಇನ್ನು ಕಥೆಯನ್ನು ಮುಟ್ಟಿಸುವುದು. ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿಬಿಡೋಣ ಎನ್ನುವವರಿಗೆ ಒಂದು ಅಡ್ಡಿ ಇದೆ. ಅದರ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಜೊತೆಗೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಅಂಗಡಿಯ ನಂಬರ್ ಉಳಿಸಿಕೊಳ್ಳುವವರು ಎಷ್ಟು? ಎಸ್ಸೆಮ್ಮೆಸ್ಸಿನಲ್ಲಿ ಜಾಹೀರಾತು ಕಳಿಸಬೇಕಾದರೆ ಟ್ರಾಯ್ ನಿಯಮದ ಪ್ರಕಾರ ಮೊದಲು ನೋಂದಣಿ ಆಗಬೇಕು, ಕನ್ನಡದ ಎಸ್ಸೆಮ್ಮೆಸ್ಸಿನ ಎಪ್ಪತ್ತು ಅಕ್ಷರದಲ್ಲಿ ಕಥೆ ಹಿಡಿಸುವುದೂ ಇಲ್ಲ. ಇಂಥ ಅಂಗಡಿಗೆ ಕಾಗದವೇ ವಾಸಿ. ಬಾಟಲಿ ಹಾಕುವ ಚೀಲದೊಳಗೆ ಒಂದು ಮಡಿಕೆಯ ಕಾರ್ಡು ಇಟ್ಟರೆ ಅದು ಅಡುಗೆಮನೆಗೇ ಹೋಗುತ್ತದೆ.

ಕೈಗೆ ಏನೂ ಕೊಡದೆ ಕಥೆಯನ್ನಷ್ಟೇ ಕೊಟ್ಟರೆ ನಮ್ಮ ಕಡೆ ಜಿಪುಣತನ ಎನ್ನುತ್ತಾರೆ, ಅದು ತಪ್ಪೂ ಅಲ್ಲ. ಕೊಡುವ ವಸ್ತು ಕಥೆಯಿಂದಲೇ ಹುಟ್ಟಬೇಕು ಅಷ್ಟೇ. ಉದ್ರಿ ಪುಸ್ತಕದ ಕಥೆಗೆ ಹೊಂದುವ ಉಡುಗೊರೆ ಕೈಗೇ ಸಿಕ್ಕಂತಿದೆ. ಕಾರ್ಡಿನ ಹಿಂಬದಿಯಲ್ಲಿ ಅದೇ ನೋಟ್‌ಬುಕ್ಕಿನ ಗೆರೆ ಹೊಡೆದು, ಈ ಸಲ ಬಾಕಿದಾರರ ಜಾಗದಲ್ಲಿ ಅಂಗಡಿಯ ಹೆಸರು: ‘ಅಂಗಡಿ ನಿಮಗೆ ಕೊಡಬೇಕಾದ ಬಾಕಿ: ಎಳ್ಳೆಣ್ಣೆ, ನೂರು ಮಿಲಿಲೀಟರ್.’ ಗಿರಾಕಿ ಅದನ್ನು ತಂದರೆ ಪುಟ್ಟ ಬಾಟಲಿ ಕೊಟ್ಟು, ಸಾಲಿನ ಮೇಲೆ ಗೀಟು ಎಳೆಯಲು ಪೆನ್ನನ್ನು ಅವರ ಕೈಗೇ ಕೊಡುವುದು. ಪುಕ್ಕಟೆ ಬಾಟಲಿಯ ಮೇಲೂ ಮಾರುವ ಬಾಟಲಿಯ ಲೇಬಲ್ಲೇ ಇರಲಿ, ತಯಾರಿಸಿದ ದಿನ, ಲೈಸೆನ್ಸ್ ನಂಬರ್ ಸಮೇತ. ಉಡುಗೊರೆಯಾಗಿ ಕೊಟ್ಟ ಸರಕಿಗೆ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ ಎಂಬುದನ್ನೂ ಲೆಕ್ಕ ಬರೆಯುವವರಿಗೆ ಮೊದಲೇ ಹೇಳಿಡಬೇಕು.

ಖರ್ಚು? ಎಣ್ಣೆ, ಬಾಟಲಿ ಸೇರಿ ಒಂದಕ್ಕೆ ನಲವತ್ತು ರೂಪಾಯಿ, ಕಾರ್ಡಿಗೆ ಎಂಟು ಎಂದು ಹಿಡಿದರೆ, ಆರುನೂರು ಮನೆಯೂ ಬಂದರೆ 28,800 ರೂಪಾಯಿ. ಡಿಸ್ಕೌಂಟಿನ ನಲವತ್ತು ಸಾವಿರಕ್ಕಿಂತ ಕಮ್ಮಿ, ಆದರೆ ಭಾರಿ ಉಳಿತಾಯವೇನಲ್ಲ. ಕಥೆ ಹೇಳಿದರೆ ಖರ್ಚೇ ಇಲ್ಲ ಎನ್ನುವವರ ಮಾತು ನಂಬಬೇಡಿ. ವ್ಯತ್ಯಾಸ ಇರುವುದು ಬೇರೆ ಕಡೆ. ಎಣ್ಣೆಯ ಬೆಲೆ ಒಂದು ದಿನವೂ ಇಳಿಯಲಿಲ್ಲ, ಮೂರು ಲೀಟರ್ ಒಯ್ಯುವವರು ಮೂರೇ ಒಯ್ದರು, ಕಡಲೆಕಾಯಿ ಎಣ್ಣೆ ಮಾತ್ರ ಒಯ್ಯುತ್ತಿದ್ದ ಮನೆಗೆ ಎಳ್ಳೆಣ್ಣೆಯೂ ಒಮ್ಮೆ ಹೋಯಿತು.

ದಿನದ ಆಯ್ಕೆಯಲ್ಲೂ ಒಂದು ಸೂಕ್ಷ್ಮ ಇದೆ. ಅಂಗಡಿ ತೆರೆದದ್ದು ಯುಗಾದಿಗೆ, ಆದ್ದರಿಂದ ಯುಗಾದಿಗೇ ಮಾಡೋಣ ಎನ್ನಿಸುವುದು ಸಹಜ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ. ಆ ವಾರ ಬಟ್ಟೆಯಂಗಡಿ, ಮೊಬೈಲ್ ಅಂಗಡಿ, ಚಿನ್ನದಂಗಡಿ ಎಲ್ಲರ ಆಫರುಗಳ ನಡುವೆ ಒಂದು ಗಾಣದ ಕಾರ್ಡನ್ನು ಯಾರು ಓದುತ್ತಾರೆ? ಪೂಜೆ ಯುಗಾದಿಗೆ ಆಗಲಿ, ಕಾರ್ಡು ತಾರೀಖಿನ ಪ್ರಕಾರ ಏಪ್ರಿಲ್ 8ರಿಂದ ಹೋಗಲಿ. ಹಬ್ಬದ ಗಲಾಟೆ ಮುಗಿದಿರುತ್ತದೆ.

ಫಲ ಸಿಕ್ಕಿತೋ ಇಲ್ಲವೋ ನೋಡಲು ಏಪ್ರಿಲ್ಲಿನ ಗಲ್ಲಾ ಎಣಿಸಿ ಉಪಯೋಗವಿಲ್ಲ. ಕಾರ್ಡು ಹಂಚುವ ಮೊದಲೇ ಒಂದು ಪಟ್ಟಿ ಮಾಡಿಕೊಳ್ಳಬೇಕು: ಆರು ತಿಂಗಳಿಂದ ಅಂಗಡಿಗೆ ಬಾರದ ಹಳೆಯ ಮನೆಗಳು. ಯಾವ ಕರೆಯೂ ಇಲ್ಲದೆ ಅಂಥವರಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಎಷ್ಟು ಮನೆ ಮರಳಿ ಬರುತ್ತವೆ ಎಂಬುದನ್ನು ಹಿಂದಿನ ವರ್ಷದ ಬಿಲ್ಲಿನಿಂದ ತಿಳಿಯಬಹುದು. ಈ ಮನೆಗಳಿಗೆ ಚೀಲದಲ್ಲಿ ಕಾರ್ಡು ಹೋಗುವುದಿಲ್ಲವಲ್ಲ, ಹುಡುಗನೇ ಒಯ್ದು ಕೊಡಬೇಕು. ನೂರು ಮಿಲಿಲೀಟರಿಗೆಂದು ಬಂದವರನ್ನು ಗೆದ್ದೆವೆಂದು ಎಣಿಸಬಾರದು, ಪುಕ್ಕಟೆ ಎಂದರೆ ಯಾರೂ ಬರುತ್ತಾರೆ. ಜುಲೈ ತಿಂಗಳಲ್ಲಿ ಅವರಲ್ಲಿ ಎಷ್ಟು ಮನೆ ಪೂರ್ತಿ ಬೆಲೆ ಕೊಟ್ಟು ಎಣ್ಣೆ ಒಯ್ದವು, ಅದು ಹಿಂದಿನ ವರ್ಷದ ಅಂಕಿಗಿಂತ ಹೆಚ್ಚೋ ಕಮ್ಮಿಯೋ, ಅದನ್ನು ನೋಡಬೇಕು. ಕಮ್ಮಿಯೇ ಇದ್ದರೆ ಅವರು ಬಿಟ್ಟುಹೋದದ್ದಕ್ಕೆ ಕಾರಣ ಬೇರೆಯೇ ಇದೆ. ಎಣ್ಣೆಯಲ್ಲಿ ಮತ್ತೆ ಗಷ್ಟು ಬರುತ್ತಿರಬಹುದು, ಬೆಲೆ ಅವರ ಕೈ ಮೀರಿರಬಹುದು, ಗಲ್ಲಾದಲ್ಲಿ ಯಾರೋ ಒರಟಾಗಿ ಮಾತಾಡಿರಬಹುದು. ಬಾಕಿ ಚೀಟಿ ಹಿಡಿದು ಬಂದಾಗಲೇ ‘ಯಾಕಮ್ಮಾ ಇಷ್ಟು ದಿನ ಕಾಣಲೇ ಇಲ್ಲ?’ ಎಂದು ಕೇಳಿ, ಬಂದ ಉತ್ತರವನ್ನು ಅದೇ ಚೀಟಿಯ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಜುಲೈವರೆಗೆ ಕಾಯಬೇಕಾಗಿಯೂ ಇಲ್ಲ.